ಕ್ರಿಯಾಪದ ಯಾರ ಹಿಂದೆ ಹೋಗುತ್ತದೆ? ಲಿಂಗ, ವಚನ, ಪುರುಷದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯ ಒಂದು ಸಣ್ಣ ಮುದ್ರಣಾಲಯದಲ್ಲಿ ಕುಳಿತು ಹದಿನೆಂಟು ವರ್ಷ ಕರಡು ತಿದ್ದಿದ್ದೇನೆ. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಶಾಲೆಯ ವಾರ್ಷಿಕ ವರದಿ, ಪಂಚಾಯಿತಿಯ ನೋಟಿಸು, ಎಲ್ಲವೂ ಈ ಮೇಜಿನ ಮೇಲೆ ಹಾದುಹೋಗಿವೆ. ಅಕ್ಷರ ತಪ್ಪಿದರೆ ಅಂಗಡಿಗೆ ಬಂದ ಗಿರಾಕಿಯ ಕಣ್ಣಿಗೂ ಬೀಳುತ್ತದೆ. ಕ್ರಿಯಾಪದದ ತುದಿ ತಪ್ಪಿದ್ದು ಮಾತ್ರ ಮೂರು ಜನ ಓದಿದರೂ ದಾಟಿಹೋಗುತ್ತದೆ, ಅಚ್ಚಾದ ಮೇಲೆ ಊರೆಲ್ಲ ನಗುತ್ತದೆ. ಗಿರಾಕಿಗಳು, ಶಾಲೆಯ ಶಿಕ್ಷಕರು, ಶಿಕ್ಷಕರ ಅರ್ಹತಾ ಪರೀಕ್ಷೆಗೆ ಓದುವ ಹುಡುಗರು ಈ ವಿಷಯದಲ್ಲಿ ಕೇಳಿದ ಪ್ರಶ್ನೆಗಳಲ್ಲಿ ಮತ್ತೆ ಮತ್ತೆ ಬಂದವನ್ನು ಇಲ್ಲಿ ಜೋಡಿಸಿದ್ದೇನೆ. ಮೊದಲು ಸುಲಭವಾದವು, ಆಮೇಲೆ ತೊಡಕಿನವು.

## ಬುನಾದಿಯ ಪ್ರಶ್ನೆಗಳು

ಒಂದು ‘ಬರು’ ಎಂಬುದಕ್ಕೆ ಇಷ್ಟೊಂದು ರೂಪಗಳಿವೆಯಲ್ಲ, ಎಲ್ಲವನ್ನೂ ಬಾಯಿಪಾಠ ಮಾಡಬೇಕೆ?

ಬೇಕಿಲ್ಲ. ‘ಬರುತ್ತಾಳೆ’ ಎಂಬುದನ್ನು ಬಿಡಿಸಿ ನೋಡಿ. ‘ಬರು’ ಎಂಬುದು ಕೆಲಸದ ಹೆಸರು, ನಡುವಿನ ‘ಉತ್ತ’ ಕಾಲವನ್ನು ಹೇಳುತ್ತದೆ, ಕೊನೆಯ ‘ಆಳೆ’ ಆ ಕೆಲಸ ಯಾರದು ಎಂಬುದನ್ನು ಹೇಳುತ್ತದೆ. ಹೊಂದಾಣಿಕೆ ಎಂದು ನಾವು ಮಾತನಾಡುವುದೆಲ್ಲ ಈ ತುದಿಯ ಬಗ್ಗೆ ಮಾತ್ರ. ವ್ಯಾಕರಣದಲ್ಲಿ ಅದಕ್ಕೆ ಆಖ್ಯಾತ ಪ್ರತ್ಯಯ ಎಂಬ ದೊಡ್ಡ ಹೆಸರಿದೆ.

ತುದಿಗಳು ಒಂಬತ್ತೇ. ನಾನು ಬರುತ್ತೇನೆ, ನಾವು ಬರುತ್ತೇವೆ. ನೀನು ಬರುತ್ತೀಯೆ, ನೀವು ಬರುತ್ತೀರಿ. ಅವನು ಬರುತ್ತಾನೆ, ಅವಳು ಬರುತ್ತಾಳೆ, ಅವರು ಬರುತ್ತಾರೆ, ಅದು ಬರುತ್ತದೆ, ಅವು ಬರುತ್ತವೆ. ಭೂತಕಾಲದಲ್ಲಿ ಇವೇ ಸ್ವಲ್ಪ ಮೊಟಕಾಗುತ್ತವೆ: ಬಂದೆನು, ಬಂದೆವು, ಬಂದೆ, ಬಂದಿರಿ, ಬಂದನು, ಬಂದಳು, ಬಂದರು, ಬಂದಿತು, ಬಂದವು. ಒಂದು ಕ್ರಿಯಾಪದದಲ್ಲಿ ಇದು ಗಟ್ಟಿಯಾದರೆ ಉಳಿದವುಗಳಲ್ಲೂ ಇದೇ ಅಚ್ಚು.

ಬರೆಯುವಾಗ ಸಂಶಯ ಬಂದರೆ ನಾನು ಮಾಡುವುದು ಇಷ್ಟೇ. ಕ್ರಿಯಾಪದದ ಮುಂದೆ ನಿಂತು ‘ಯಾರು?’ ಅಥವಾ ‘ಯಾವುದು?’ ಎಂದು ಕೇಳುತ್ತೇನೆ. ಉತ್ತರವಾಗಿ ಬಂದ ಪದದ ಜಾಗದಲ್ಲಿ ಅವನು, ಅವಳು, ಅವರು, ಅದು, ಅವು ಇವುಗಳಲ್ಲಿ ಒಂದನ್ನು ಇಟ್ಟು ಓದುತ್ತೇನೆ. ಕಿವಿಗೆ ತಾನಾಗಿ ತಿಳಿಯುತ್ತದೆ. ಮುಂದಿನ ಉತ್ತರಗಳಲ್ಲಿಯೂ ಈ ಒಂದು ಪ್ರಶ್ನೆಯನ್ನೇ ಮತ್ತೆ ಮತ್ತೆ ಕೇಳುತ್ತೇನೆ.

ನಾನು ಹೆಂಗಸು. ಗಂಡಸರು ಬರೆದ ಹಾಗೆಯೇ ‘ನಾನು ಬರುತ್ತೇನೆ’ ಎಂದು ಬರೆಯಬೇಕೆ?

ಹೌದು. ಉರ್ದು, ಹಿಂದಿ ಓದಿದವರಿಗೆ ಈ ಸಂಶಯ ಬರುವುದು ಸಹಜ. ಅಲ್ಲಿ ಗಂಡಸು ‘ಆತಾ ಹ್ಞೂಂ’ ಎಂದರೆ ಹೆಂಗಸು ‘ಆತೀ ಹ್ಞೂಂ’ ಎನ್ನಬೇಕು. ಕನ್ನಡದಲ್ಲಿ ಎದುರಿಗೆ ನಿಂತು ಮಾತನಾಡುವ ನಾನು, ನೀನು ಇವರ ಲಿಂಗವನ್ನು ಕ್ರಿಯಾಪದ ಕೇಳುವುದಿಲ್ಲ. ಬಹುವಚನದಲ್ಲೂ ಕೇಳುವುದಿಲ್ಲ: ಹುಡುಗರೂ ‘ಬಂದರು’, ಹುಡುಗಿಯರೂ ‘ಬಂದರು’. ಗಂಡು ಹೆಣ್ಣಿನ ವ್ಯತ್ಯಾಸ ಕಾಣುವುದು ಪ್ರಥಮ ಪುರುಷ ಏಕವಚನದಲ್ಲಿ ಮಾತ್ರ, ಅಂದರೆ ಬಂದನು, ಬಂದಳು ಎಂಬ ಒಂದೇ ಜಾಗದಲ್ಲಿ.

ಮನೆಯಲ್ಲಿ ಉರ್ದು ಮಾತನಾಡುತ್ತೇವೆ. ಬಸ್ಸು, ರೊಟ್ಟಿ, ನದಿ ಇವು ಕನ್ನಡದಲ್ಲಿ ಗಂಡೋ ಹೆಣ್ಣೋ ಹೇಗೆ ಗೊತ್ತಾಗಬೇಕು?

ಎರಡೂ ಅಲ್ಲ. ಉರ್ದುವಿನಲ್ಲಿ ಬಸ್ಸೂ ರೊಟ್ಟಿಯೂ ಹೆಣ್ಣು, ಮನೆ ಗಂಡು. ಪದವನ್ನು ಕಲಿಯುವಾಗಲೇ ಅದರ ಲಿಂಗವನ್ನೂ ಕಲಿಯಬೇಕು. ಕನ್ನಡದಲ್ಲಿ ಆ ಕಷ್ಟವಿಲ್ಲ. ಇಲ್ಲಿ ಲಿಂಗವು ಪದಕ್ಕೆ ಅಂಟಿಲ್ಲ, ಅರ್ಥಕ್ಕೆ ಅಂಟಿದೆ. ಗಂಡಸರು ಪುಲ್ಲಿಂಗ, ಹೆಂಗಸರು ಸ್ತ್ರೀಲಿಂಗ, ದೇವದೇವತೆಗಳು ಮನುಷ್ಯರ ಸಾಲಿನಲ್ಲಿ, ಉಳಿದದ್ದೆಲ್ಲ ನಪುಂಸಕಲಿಂಗ. ಬಸ್ಸು ಬಂದಿತು, ರೊಟ್ಟಿ ಸುಟ್ಟಿತು, ಭೀಮಾ ನದಿ ಉಕ್ಕಿ ಹರಿಯಿತು. ಎತ್ತು ಗಂಡಾದರೂ ‘ಮೇಯುತ್ತದೆ’, ಆಕಳು ಹೆಣ್ಣಾದರೂ ‘ಹಾಲು ಕೊಡುತ್ತದೆ’.

ಇದರಲ್ಲಿ ಮೂರು ಕಡೆ ಜನ ಎಡವುತ್ತಾರೆ. ಮೊದಲನೆಯದು ಮಗು. ಮಗು, ಕೂಸು ಮನುಷ್ಯರೇ ಆದರೂ ‘ಮಗು ಅಳುತ್ತದೆ’ ಎನ್ನುತ್ತೇವೆ. ಬಹುವಚನಕ್ಕೆ ಹೋದ ಕೂಡಲೇ ಮಕ್ಕಳು ಮನುಷ್ಯರಾಗಿಬಿಡುತ್ತಾರೆ: ‘ಮಕ್ಕಳು ಅಳುತ್ತಾರೆ’. ‘ಮಕ್ಕಳು ಅಳುತ್ತವೆ’ ಎಂದು ಬರೆಯುವುದು ಅಚ್ಚಿನಲ್ಲಿ ಚೆನ್ನಾಗಿ ಕಾಣುವುದಿಲ್ಲ. ಎರಡನೆಯದು ಸೂರ್ಯ ಚಂದ್ರರು. ದೇವರೆಂದು ಕಂಡರೆ ‘ಸೂರ್ಯ ಮುಳುಗಿದನು’, ಆಕಾಶದ ಗೋಳವೆಂದು ಕಂಡರೆ ‘ಮುಳುಗಿತು’. ಎರಡೂ ಸರಿ. ವಿಜ್ಞಾನದ ಪಾಠದಲ್ಲಿ ಎರಡನೆಯದನ್ನೇ ಇಡಿ. ಮೂರನೆಯದು ಅಕ್ಕರೆ. ನಮ್ಮ ಪಕ್ಕದ ಮನೆಯ ಅಜ್ಜಿ ತಮ್ಮ ಆಕಳಿಗೆ ಗೌರಿ ಎಂದು ಹೆಸರಿಟ್ಟಿದ್ದಾರೆ. ಅವರು ‘ಗೌರಿ ಇವತ್ತು ಹುಲ್ಲು ಮುಟ್ಟಲೇ ಇಲ್ಲ, ಸಿಟ್ಟಾಗಿದ್ದಾಳೆ’ ಎಂದರೆ ಅದನ್ನು ತಿದ್ದುವ ಧೈರ್ಯ ಯಾವ ವ್ಯಾಕರಣಕ್ಕೂ ಇಲ್ಲ. ಪಶುವೈದ್ಯರಿಗೆ ಬರೆಯುವ ಚೀಟಿಯಲ್ಲಿ ಮಾತ್ರ ‘ಆಕಳು ಮೇವು ತಿನ್ನುತ್ತಿಲ್ಲ’ ಎಂದಿರಲಿ.

‘ನಾಲ್ಕು ಪುಸ್ತಕಗಳಿದೆ’ ಎಂದರೂ ಅರ್ಥವಾಗುತ್ತದೆ. ‘ಇವೆ’ ಎಂದೇ ಬರೆಯಬೇಕೆಂಬ ಹಟ ಯಾಕೆ?

ಅರ್ಥವಾಗುತ್ತದೆ, ನಿಜ. ಮಾತಿನಲ್ಲಿ ಬೆಂಗಳೂರಿನ ಕಡೆಯವರು ‘ಇದೆ’ ಎಂದೇ ಸಾಗಹಾಕುತ್ತಾರೆ. ಆದರೆ ನಮ್ಮ ಭಾಗದವರು ಇದರಲ್ಲಿ ತಪ್ಪುವುದನ್ನು ಕಂಡರೆ ನನಗೆ ಆಶ್ಚರ್ಯ. ಕಲಬುರಗಿ, ಬೀದರಿನ ಆಡುಮಾತಿನಲ್ಲಿ ಒಂದಕ್ಕೆ ‘ಅದ’, ಹಲವಕ್ಕೆ ‘ಅವ’ ಎಂಬ ಭೇದ ಇಂದಿಗೂ ಗಟ್ಟಿಯಾಗಿದೆ. ಸಂತೆಯಲ್ಲಿ ಯಾವ ಮುದುಕಿಯೂ ಒಂದು ಬುಟ್ಟಿಗೂ ನಾಲ್ಕು ಬುಟ್ಟಿಗೂ ಒಂದೇ ಮಾತು ಬಳಸುವುದಿಲ್ಲ. ಅದ ಎನ್ನುವ ಕಡೆ ಇದೆ, ಅವ ಎನ್ನುವ ಕಡೆ ಇವೆ ಎಂದು ಬರೆದರೆ ಸಾಕು. ತಪ್ಪು ಬರುವುದು ನಮ್ಮ ಬಾಯಿಂದಲ್ಲ, ಟಿವಿಯಿಂದ ಎಂದು ನನ್ನ ಗುಮಾನಿ.

‘ಪುಸ್ತಕ’ಕ್ಕೆ ‘ಗಳು’ ಹಚ್ಚದೆ ‘ನಾಲ್ಕು ಪುಸ್ತಕ’ ಎಂದರೂ ಎಣಿಕೆ ನಾಲ್ಕೇ, ಹಾಗಾಗಿ ‘ಇವೆ’. ಆದರೆ ಅಳತೆಯ ಲೆಕ್ಕ ಬೇರೆ. ‘ಹತ್ತು ಕ್ವಿಂಟಲ್ ತೊಗರಿ ಬಂದಿದೆ’ ಎನ್ನುವಲ್ಲಿ ಬಂದದ್ದು ತೊಗರಿ, ಅದು ಒಂದೇ ರಾಶಿ. ಹತ್ತು ಎಂಬುದು ತೂಕ. ‘ಹತ್ತು ಚೀಲ ತೊಗರಿ ಬಂದಿದೆ’ ಎಂದರೆ ತೊಗರಿಯ ಮಾತು, ‘ತೊಗರಿಯ ಹತ್ತು ಚೀಲಗಳು ಬಂದಿವೆ’ ಎಂದರೆ ಚೀಲಗಳ ಮಾತು. ‘ಐನೂರು ರೂಪಾಯಿ ಇದೆ’ ಎಂಬುದೂ ಹೀಗೆಯೇ, ಒಟ್ಟು ಮೊತ್ತವನ್ನು ಒಂದಾಗಿ ಹಿಡಿದದ್ದು. ದಿನ, ತಿಂಗಳುಗಳಲ್ಲಿ ಎರಡೂ ನಡೆಯುತ್ತವೆ: ಮೂರು ದಿನವಾಯಿತು, ಮೂರು ದಿನಗಳಾದವು.

## ಗೌರವ ಮತ್ತು ಗುಂಪು

ಬಂದವರು ಒಬ್ಬರೇ, ಆದರೂ ‘ಬಂದರು’ ಎನ್ನುತ್ತೇವೆ. ಯಾರಿಗೆ ‘ಅರು’, ಯಾರಿಗೆ ‘ಅನು’ ಎಂಬುದಕ್ಕೆ ನಿಯಮವಿದೆಯೆ?

ವ್ಯಾಕರಣದ ನಿಯಮ ಒಂದೇ: ಹೆಸರಿಗೆ ಕೊಟ್ಟ ಗೌರವವನ್ನು ಕ್ರಿಯಾಪದಕ್ಕೂ ಕೊಡಬೇಕು. ‘ಅಧ್ಯಕ್ಷರು’ ಎಂದು ಆರಂಭಿಸಿದ ಮೇಲೆ ‘ಮಾತನಾಡಿದರು’ ಎಂದೇ ಮುಗಿಸಬೇಕು. ಯಾರಿಗೆ ಗೌರವ ಕೊಡಬೇಕೆಂಬುದು ವ್ಯಾಕರಣದ್ದಲ್ಲ, ಸಂಬಂಧದ್ದು. ‘ಅವ್ವ ಬಂದಳು’ ಎನ್ನುವವರ ಪ್ರೀತಿ ‘ತಾಯಿಯವರು ಬಂದರು’ ಎನ್ನುವವರ ಪ್ರೀತಿಗಿಂತ ಕಡಿಮೆಯಲ್ಲ. ಕೆಡುವುದು ಎರಡನ್ನೂ ಬೆರೆಸಿದಾಗ: ‘ತಾಯಿಯವರು ಊಟಕ್ಕೆ ಕರೆದಳು’.

ಒಂದು ಸಲ ಜಾತ್ರೆಯ ಕರಪತ್ರದಲ್ಲಿ ‘ಪೂಜ್ಯರು ಆಶೀರ್ವಚನ ನೀಡುವರು’ ಎಂದಿರಬೇಕಾದದ್ದು ‘ನೀಡುವನು’ ಎಂದಾಗಿತ್ತು. ಒಂದೇ ಅಕ್ಷರ. ಕಂಪ್ಯೂಟರಿನ ಮುಂದೆ ಕುಳಿತ ಹುಡುಗ ಹಿಂದಿನ ಸಾಲಿನಿಂದ ನಕಲು ಮಾಡಿದ್ದ, ನಾನು ಪೂಜ್ಯರ ಹೆಸರಿನ ಕಾಗುಣಿತವನ್ನೇ ಮೂರು ಸಲ ನೋಡಿ ತುದಿಯನ್ನು ಬಿಟ್ಟಿದ್ದೆ. ಐನೂರು ಪ್ರತಿಗಳನ್ನು ನಮ್ಮ ಖರ್ಚಿನಲ್ಲಿ ಮತ್ತೆ ಅಚ್ಚುಹಾಕಿದೆವು. ಆ ಹಾಳೆಗಳ ಹಿಂಬದಿಯಲ್ಲಿ ಒಂದು ವರ್ಷ ಲೆಕ್ಕ ಬರೆದದ್ದು ಬೇರೆ ಮಾತು.

ಈ ನಿಯಮವನ್ನು ಧಾರಾಳವಾಗಿ ಮುರಿಯುವುದು ದೇವರು ಮಾತ್ರ. ಪದದ ರೂಪ ಬಹುವಚನದ್ದು, ಆದರೆ ‘ದೇವರಿದ್ದಾನೆ’ ಎನ್ನುತ್ತೇವೆ. ಅದು ತಪ್ಪಲ್ಲ, ರೂಢಿ. ‘ದೇವರಿದ್ದಾರೆ’ ಎಂದರೂ ತಪ್ಪಲ್ಲ, ಆದರೆ ಕಷ್ಟದಲ್ಲಿರುವವರು ಯಾರೂ ಹಾಗೆ ಹೇಳಿದ್ದನ್ನು ನಾನು ಕೇಳಿಲ್ಲ.

‘ನೀವು’ ಎಂಬುದಕ್ಕೂ ಇದೇ ಲೆಕ್ಕ. ಒಬ್ಬರನ್ನೇ ಕರೆದರೂ ‘ನೀವು ಬರುತ್ತೀರಿ’. ‘ನೀವು ಬರುತ್ತೀರ’ ಎಂದು ಮುಗಿಸುವುದು ಈಚೆಗೆ ಹೆಚ್ಚಾಗಿದೆ. ಬರುತ್ತೀರಾ ಎಂದು ದೀರ್ಘವಾದರೆ ಪ್ರಶ್ನೆ, ಬರುತ್ತೀರಿ ಎಂದರೆ ಹೇಳಿಕೆ. ನಡುವಿನದು ಬರವಣಿಗೆಯಲ್ಲಿ ಬೇಡ. ‘ತಾವು’ ಎಂದು ಇನ್ನೂ ಮರ್ಯಾದೆ ಹೆಚ್ಚಿಸಿದರೂ ತುದಿ ‘ಈರಿ’ಯೇ: ತಾವು ಯಾವಾಗ ಬರುತ್ತೀರಿ?

‘ನೀನೂ ಅವನೂ’ ಎಂದರೆ ಕ್ರಿಯಾಪದ ಯಾರ ಕಡೆ? ‘ಸಮಿತಿ’ ಎಂದರೆ ಒಂದೋ ಹಲವೋ?

ಗುಂಪಿನಲ್ಲಿ ‘ನಾನು’ ಇದ್ದರೆ ಎಲ್ಲರೂ ಸೇರಿ ‘ನಾವು’. ನಾನೂ ನೀನೂ ಹೋಗುತ್ತೇವೆ, ನಾನೂ ಅವಳೂ ಹೋಗುತ್ತೇವೆ. ನಾನು ಇಲ್ಲದೆ ‘ನೀನು’ ಇದ್ದರೆ ‘ನೀವು’: ನೀನೂ ಅವನೂ ಹೋಗುತ್ತೀರಿ. ಇಬ್ಬರೂ ಹೊರಗಿನವರಾದರೆ ‘ಅವರು’. ಅಣ್ಣ, ತಂಗಿ ಬೆರೆತರೂ ‘ಬಂದರು’ ಎಂಬುದರಲ್ಲಿ ಲಿಂಗದ ಜಗಳವೇ ಏಳುವುದಿಲ್ಲ. ‘ನೀನು ಅಥವಾ ಅವನು’ ಎಂಬಲ್ಲಿ ಮಾತ್ರ ಯಾವ ತುದಿ ಹಚ್ಚಿದರೂ ಒಬ್ಬರಿಗೆ ಅನ್ಯಾಯ. ಆಗ ನಾನು ತುದಿ ಬದಲಾಗದ ಮಾತಿಗೆ ತಿರುಗಿಸುತ್ತೇನೆ: ‘ನೀನಾಗಲಿ ಅವನಾಗಲಿ ಬರಬೇಕು’. ಮನುಷ್ಯರೂ ದನಗಳೂ ಬೆರೆತಾಗಲೂ ಹೀಗೆ ಒಂದು ಹೆಜ್ಜೆ ಸರಿಯುವುದು ಒಳ್ಳೆಯದು. ‘ರೈತನೂ ಎತ್ತುಗಳೂ ಬಂದರು’ ಎಂದು ಬರೆದು ಎತ್ತುಗಳನ್ನು ಮನುಷ್ಯರ ಸಾಲಿಗೆ ಸೇರಿಸುವ ಬದಲು ‘ರೈತನು ಎತ್ತುಗಳನ್ನು ಹೊಡೆದುಕೊಂಡು ಬಂದನು’ ಎನ್ನಿ.

‘ಜೊತೆಗೆ’, ‘ಒಂದಿಗೆ’ ಎಂಬವುಗಳಿಂದ ಬಂದವರು ಕರ್ತೃವಿನ ಲೆಕ್ಕಕ್ಕೆ ಸೇರುವುದಿಲ್ಲ. ‘ಹುಡುಗನು ಗೆಳೆಯರೊಂದಿಗೆ ಬಂದರು’ ಎಂಬುದನ್ನು ನೂರು ಸಲ ತಿದ್ದಿದ್ದೇನೆ. ಗೆಳೆಯರು ಎಷ್ಟೇ ಜನ ಇರಲಿ, ಹುಡುಗ ಒಬ್ಬನೇ, ‘ಬಂದನು’.

ಸಮಿತಿ, ಸರ್ಕಾರ, ಕುಟುಂಬ ಇವು ಒಳಗೆ ಜನರನ್ನು ತುಂಬಿಕೊಂಡ ಪೆಟ್ಟಿಗೆಗಳು. ಪೆಟ್ಟಿಗೆಯ ಹೆಸರು ಹೇಳಿದರೆ ನಪುಂಸಕ ಏಕವಚನ: ಸಮಿತಿ ತೀರ್ಮಾನಿಸಿದೆ. ಒಳಗಿನವರನ್ನು ಹೇಳಿದರೆ ಬಹುವಚನ: ಸಮಿತಿಯವರು ತೀರ್ಮಾನಿಸಿದ್ದಾರೆ. ‘ಜನ’ ಎಂಬುದು ರೂಪದಲ್ಲಿ ಒಂದಾದರೂ ಅರ್ಥದಲ್ಲಿ ಮನುಷ್ಯರೇ ಆದ್ದರಿಂದ ‘ಸಾವಿರ ಜನ ಸೇರಿದ್ದರು’.

## ನೆರೆಯ ಭಾಷೆಗಳ ನೆರಳು

ಗುರುಮಠಕಲ್ ಕಡೆಯ ಮಕ್ಕಳು ‘ಅಕ್ಕ ಬಂದಿತು’ ಎಂದು ಬರೆಯುತ್ತಾರೆ, ಬೀದರ್ ಕಡೆಯವರ ತಪ್ಪು ಬೇರೆಯೇ ರೀತಿ. ಯಾಕೆ?

ತಪ್ಪಿಗೂ ಒಂದು ಊರು ಇರುತ್ತದೆ. ಯಾದಗಿರಿ ಜಿಲ್ಲೆಯ ಗುರುಮಠಕಲ್, ಕಲಬುರಗಿ ಜಿಲ್ಲೆಯ ಸೇಡಂ ಇವು ತೆಲಂಗಾಣದ ಗಡಿಗೆ ಹತ್ತಿರ. ತೆಲುಗಿನಲ್ಲಿ ಏಕವಚನದ ಕ್ರಿಯಾಪದ ಗಂಡಸಿಗೆ ಒಂದು ತುದಿ ಕೊಡುತ್ತದೆ, ಹೆಂಗಸಿಗೂ ವಸ್ತುವಿಗೂ ಸೇರಿ ಇನ್ನೊಂದು. ಅಕ್ಕ ಬಂದರೂ ‘ವಚ್ಚಿಂದಿ’, ಬಸ್ಸು ಬಂದರೂ ‘ವಚ್ಚಿಂದಿ’. ಮನೆಯಲ್ಲಿ ತೆಲುಗು ಆಡುವ ಮಗು ಅದೇ ಹಾದಿಯಲ್ಲಿ ‘ಅಕ್ಕ ಬಂದಿತು’ ಎಂದು ಬರೆಯುತ್ತದೆ. ಅದು ಅಕ್ಕನಿಗೆ ಅವಮಾನ ಮಾಡಿದ್ದಲ್ಲ, ತನ್ನ ಮನೆಯ ವ್ಯಾಕರಣವನ್ನು ಶಿಸ್ತಾಗಿ ಪಾಲಿಸಿದ್ದು. ಅಂಥ ಮಗುವಿಗೆ ‘ತಪ್ಪು’ ಎಂದು ಕೆಂಪು ಗೀಟು ಎಳೆಯುವುದಕ್ಕಿಂತ, ಕನ್ನಡದಲ್ಲಿ ಅಕ್ಕನಿಗೆ ಪ್ರತ್ಯೇಕ ಕುರ್ಚಿ ಇದೆ, ಅದು ‘ಬಂದಳು’ ಎಂದು ತೋರಿಸಿದರೆ ಬೇಗ ಹಿಡಿಯುತ್ತದೆ.

ಬೀದರ್ ಜಿಲ್ಲೆಯ ಭಾಲ್ಕಿ, ಔರಾದ್, ಬಸವಕಲ್ಯಾಣದಲ್ಲಿ ಮರಾಠಿಯ ಬಳಕೆ ಹೆಚ್ಚು. ಮರಾಠಿಯಲ್ಲೂ ಹಿಂದಿಯಲ್ಲೂ ಭೂತಕಾಲಕ್ಕೆ ಬಂದರೆ ಕರ್ಮವಿರುವ ಕ್ರಿಯಾಪದ ಪಕ್ಷ ಬದಲಿಸುತ್ತದೆ. ‘ಅವನು ರೊಟ್ಟಿ ತಿಂದನು’ ಎಂಬಲ್ಲಿ ಅದು ತಿಂದವನನ್ನು ಬಿಟ್ಟು ರೊಟ್ಟಿಯ ಕಡೆ ವಾಲುತ್ತದೆ, ರೊಟ್ಟಿ ಆ ಭಾಷೆಯಲ್ಲಿ ಹೆಣ್ಣಾದ್ದರಿಂದ ಹೆಣ್ಣಿನ ತುದಿ ಪಡೆಯುತ್ತದೆ. ಅದೇ ಅಭ್ಯಾಸದಲ್ಲಿ ಒಬ್ಬ ಹುಡುಗ ‘ನಾನು ಎರಡು ರೊಟ್ಟಿ ತಿಂದವು’ ಎಂದು ಬರೆದದ್ದನ್ನು ನೋಡಿದ್ದೇನೆ. ಕನ್ನಡದ ಕ್ರಿಯಾಪದ ಯಾವ ಕಾಲದಲ್ಲೂ ತಿಂದವನನ್ನು ಬಿಡುವುದಿಲ್ಲ: ನಾನು ಎರಡು ರೊಟ್ಟಿ ತಿಂದೆನು. ರೊಟ್ಟಿ ಎರಡಾಗಲಿ ಹತ್ತಾಗಲಿ ಅದಕ್ಕೆ ಸಂಬಂಧವಿಲ್ಲ.

## ಕರ್ತೃ ಕಣ್ಣಿಗೆ ಬೀಳದ ವಾಕ್ಯಗಳು

‘ನನಗೆ ಜ್ವರ ಬಂದಿದೆ’ ಎನ್ನುತ್ತೇವೆ. ‘ನನಗೆ’ ಇದ್ದ ಮೇಲೆ ‘ಬಂದಿದ್ದೇನೆ’ ಆಗಬೇಕಲ್ಲವೆ?

ಇಲ್ಲಿಂದ ಮುಂದೆ ‘ಯಾರು, ಯಾವುದು’ ಎಂಬ ಪ್ರಶ್ನೆಯನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಬಂದದ್ದು ಯಾವುದು? ಜ್ವರ. ಬಂದದ್ದು ಯಾರಿಗೆ? ನನಗೆ. ‘ಗೆ’, ‘ಅನ್ನು’, ‘ಇಂದ’, ‘ಅಲ್ಲಿ’ ಹಚ್ಚಿಕೊಂಡ ಪದ ವಾಕ್ಯದ ಮೊದಲಲ್ಲಿ ಎಷ್ಟೇ ಠೀವಿಯಿಂದ ಕುಳಿತಿದ್ದರೂ ಕ್ರಿಯಾಪದದ ಮೇಲೆ ಅದಕ್ಕೆ ಅಧಿಕಾರವಿಲ್ಲ. ಏನೂ ಹಚ್ಚಿಕೊಳ್ಳದೆ, ಅಥವಾ ಬರೀ ‘ಉ’ ಕಾರದಲ್ಲಿ ನಿಂತ ಪದವೇ ಯಜಮಾನ.

ಆ ಯಜಮಾನನ ಪ್ರಕಾರ ತುದಿ ಬದಲಾಗುವುದನ್ನು ಒಂದೇ ಮನೆಯ ಲೆಕ್ಕದಲ್ಲಿ ನೋಡಿ. ನನಗೆ ಒಂದು ಹೊಲವಿದೆ. ನನಗೆ ಎರಡು ಎತ್ತುಗಳಿವೆ. ನನಗೆ ಒಬ್ಬ ಮಗನಿದ್ದಾನೆ. ನನಗೆ ಒಬ್ಬಳು ಮಗಳಿದ್ದಾಳೆ. ನನಗೆ ಇಬ್ಬರು ತಂಗಿಯರಿದ್ದಾರೆ. ‘ನನಗೆ’ ಎಲ್ಲ ಕಡೆಯೂ ಒಂದೇ, ಬದಲಾಗುತ್ತಿರುವುದು ಇರುವವರು. ಆದ್ದರಿಂದ ಅರ್ಜಿಗಳಲ್ಲಿ ಕಾಣುವ ‘ನನಗೆ ಇಬ್ಬರು ಮಕ್ಕಳು ಇವೆ’ ಎಂಬುದು ಮಕ್ಕಳನ್ನು ಎತ್ತುಗಳ ಸಾಲಿಗೆ ಕಟ್ಟಿದ ಹಾಗೆ. ‘ನನಗೆ ಆ ಹಾಡು ಇಷ್ಟವಾಯಿತು’ ಎಂದರೆ ಸರಿ, ಹಾಡುಗಳು ಎರಡಾದರೆ ‘ಇಷ್ಟವಾದವು’.

ನೋಟಿಸಿನಲ್ಲಿ ‘ಅರ್ಜಿಗಳು ಆಹ್ವಾನಿಸಲಾಗಿವೆ’ ಎಂದು ಬರೆದೆ, ನೀವು ‘ಅರ್ಜಿಗಳನ್ನು ಆಹ್ವಾನಿಸಲಾಗಿದೆ’ ಎಂದು ತಿದ್ದಿದಿರಿ. ಬಹುವಚನಕ್ಕೆ ಬಹುವಚನ ಬೇಡವೆ?

ಕಚೇರಿಯ ಕನ್ನಡದಲ್ಲಿ ನಾನು ಅತಿ ಹೆಚ್ಚು ತಿದ್ದಿದ ತಪ್ಪು ಇದೇ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ‘ಲಾಗಿದೆ’, ‘ಲಾಯಿತು’, ‘ಲಾಗುವುದು’ ಎಂಬ ರೂಪ ಹುಟ್ಟಿರುವುದೇ ಮಾಡಿದವರ ಹೆಸರನ್ನು ಮರೆಮಾಡಲಿಕ್ಕೆ. ಯಾರು ಆಹ್ವಾನಿಸಿದರು? ಹೇಳಿಲ್ಲ. ಏನನ್ನು ಆಹ್ವಾನಿಸಿದರು? ಅರ್ಜಿಗಳನ್ನು. ಅಂದರೆ ಅರ್ಜಿಗಳು ಇನ್ನೂ ಕರ್ಮವಾಗಿಯೇ ಉಳಿದಿವೆ, ಯಜಮಾನರಾಗಿಲ್ಲ. ವಾಕ್ಯದಲ್ಲಿ ಯಜಮಾನನೇ ಇಲ್ಲದಾಗ ಕ್ರಿಯಾಪದ ನಪುಂಸಕಲಿಂಗದ ಏಕವಚನಕ್ಕೆ ಹೋಗಿ ಸುಮ್ಮನೆ ನಿಲ್ಲುತ್ತದೆ. ಅರ್ಜಿ ಒಂದಿರಲಿ ಸಾವಿರವಿರಲಿ ‘ಆಹ್ವಾನಿಸಲಾಗಿದೆ’.

ಮನುಷ್ಯರನ್ನು ಇಟ್ಟು ನೋಡಿದರೆ ಇದು ಇನ್ನೂ ಸ್ಪಷ್ಟ. ‘ಐವರನ್ನು ಬಂಧಿಸಲಾಗಿದೆ’ ಎಂಬುದು ಸರಿ. ‘ಐವರು ಬಂಧಿಸಲಾಗಿದ್ದಾರೆ’ ಎಂದರೆ ಕಿವಿ ಕೂಡಲೇ ತಕರಾರು ತೆಗೆಯುತ್ತದೆ. ಅದೇ ಕಿವಿ ‘ಅರ್ಜಿಗಳು ಆಹ್ವಾನಿಸಲಾಗಿವೆ’ ಎಂಬುದನ್ನು ಬಿಟ್ಟುಬಿಡುವುದು ಯಾಕೆಂದರೆ, ವಸ್ತುಗಳ ಹೆಸರಿಗೆ ‘ಅನ್ನು’ ಬಿಡುವುದು ನಮಗೆ ರೂಢಿ. ‘ನೀರು ಕುಡಿದೆ’, ‘ಅರ್ಜಿ ಆಹ್ವಾನಿಸಲಾಗಿದೆ’ ಎನ್ನುತ್ತೇವೆ. ‘ಅನ್ನು’ ಬಿದ್ದುಹೋದ ಕರ್ಮ ಕರ್ತೃವಿನ ವೇಷದಲ್ಲಿ ಕಾಣುತ್ತದೆ, ಬರೆಯುವವರು ಮೋಸ ಹೋಗುತ್ತಾರೆ. ಸಂಶಯವಿದ್ದರೆ ‘ಅನ್ನು’ ಹಚ್ಚಿ ನೋಡಿ. ಹತ್ತಿದರೆ ಅದು ಯಜಮಾನನಲ್ಲ.

‘ಲ್ಪಟ್ಟ’ ರೂಪದಲ್ಲಿ ಮಾತ್ರ ಲೆಕ್ಕ ತಿರುವುಮುರುವು. ಅಲ್ಲಿ ಕರ್ಮ ನಿಜವಾಗಿಯೂ ಯಜಮಾನನ ಪಟ್ಟಕ್ಕೆ ಏರುತ್ತದೆ: ಅರ್ಜಿಗಳು ಆಹ್ವಾನಿಸಲ್ಪಟ್ಟಿವೆ, ಐವರು ಬಂಧಿಸಲ್ಪಟ್ಟಿದ್ದಾರೆ. ವ್ಯಾಕರಣಕ್ಕೆ ಸರಿ, ನಾಲಿಗೆಗೆ ಭಾರ. ‘ಪೊಲೀಸರು ಐವರನ್ನು ಬಂಧಿಸಿದ್ದಾರೆ’ ಎಂದು ಬರೆಯುವ ಅವಕಾಶವಿದ್ದಾಗ ನಾನು ಎರಡನ್ನೂ ಮುಟ್ಟುವುದಿಲ್ಲ.

‘ಇಲ್ಲ’, ‘ಬೇಕು’ ಇವು ಎಲ್ಲರಿಗೂ ಒಂದೇ. ಹಾಗಾದರೆ ‘ಅವರು ಮಾಡಬಲ್ಲ’ ಎಂದರೂ ನಡೆಯುತ್ತದೆಯೆ?

ನಡೆಯುವುದಿಲ್ಲ. ಇಲ್ಲ, ಅಲ್ಲ, ಬೇಕು, ಬೇಡ, ಬಾರದು, ಕೂಡದು ಇವು ಯಾರ ಮುಂದೆಯೂ ಬದಲಾಗುವುದಿಲ್ಲ. ನಾನು ಬಂದಿಲ್ಲ, ಅವಳು ಬಂದಿಲ್ಲ, ಎತ್ತುಗಳು ಬಂದಿಲ್ಲ. ‘ಬರಲಿ’ ಎಂಬುದೂ ಅವನಿಗೂ ಅವರಿಗೂ ಒಂದೇ. ಆದರೆ ‘ಬಲ್ಲ’ ಈ ಗುಂಪಿನದಲ್ಲ. ನಾನು ಮಾಡಬಲ್ಲೆ, ನಾವು ಮಾಡಬಲ್ಲೆವು, ನೀವು ಮಾಡಬಲ್ಲಿರಿ, ಅವನು ಮಾಡಬಲ್ಲ, ಅವಳು ಮಾಡಬಲ್ಲಳು, ಅವರು ಮಾಡಬಲ್ಲರು, ಅದು ಮಾಡಬಲ್ಲದು. ನಮ್ಮ ಕಡೆ ಬಾಯಲ್ಲಿ ಇಂದಿಗೂ ಇರುವ ‘ಒಲ್ಲೆ’ ಇದರ ದಾಯಾದಿ: ನಾನು ಒಲ್ಲೆ, ಅವಳು ಒಲ್ಲಳು, ಅವರು ಒಲ್ಲರು. ದಕ್ಷಿಣದವರು ಇದರ ಜಾಗದಲ್ಲಿ ‘ಬೇಡ’ ಎಂದು ಮುಗಿಸುತ್ತಾರೆ. ಆದರೆ ಬೇಡ ಎಂದರೆ ವಸ್ತು ಬೇಡ, ಒಲ್ಲೆ ಎಂದರೆ ಮನಸ್ಸೇ ಇಲ್ಲ. ಅಚ್ಚಿನಲ್ಲಿ ಬಂದರೆ ನಾನು ಅದನ್ನು ತೆಗೆಯುವುದಿಲ್ಲ.

ವರದಿಯಲ್ಲಿ ‘ತಾನು ರಾಜೀನಾಮೆ ಕೊಡುತ್ತೇನೆ ಎಂದು ಹೇಳಿದನು’ ಎಂದು ಬರೆದೆ. ‘ತಾನು’ ಎಂಬುದಕ್ಕೆ ‘ಏನೆ’ ಹೇಗೆ ಹೊಂದುತ್ತದೆ ಎಂದು ಗೆಳೆಯ ಕೇಳಿದ. ಏನು ಹೇಳಲಿ?

ಗೆಳೆಯನ ಕಣ್ಣು ಚುರುಕಾಗಿದೆ. ‘ತಾನು’ ಪ್ರಥಮ ಪುರುಷ, ‘ಕೊಡುತ್ತೇನೆ’ ಉತ್ತಮ ಪುರುಷ. ಆದರೂ ಈ ವಾಕ್ಯ ಕನ್ನಡದಲ್ಲಿ ಬಳಕೆಯಲ್ಲಿದೆ. ಹೇಳುವವನ ಬಾಯಿಂದ ಹೊರಟ ಮಾತು ‘ನಾನು ಕೊಡುತ್ತೇನೆ’. ವರದಿಗಾರ ‘ನಾನು’ ಎಂಬುದನ್ನು ಮಾತ್ರ ‘ತಾನು’ ಎಂದು ತಿರುಗಿಸಿ, ಕ್ರಿಯಾಪದವನ್ನು ಆಡಿದವನ ಬಾಯಲ್ಲಿದ್ದ ಹಾಗೆಯೇ ಬಿಟ್ಟಿದ್ದಾನೆ. ‘ತಾನು ಕೊಡುತ್ತಾನೆ ಎಂದು ಹೇಳಿದನು’ ಎಂದು ಹೊಂದಿಸಲು ಹೋದರೆ ಕೊಡುವವನು ಬೇರೆ ಯಾರೋ ಎಂಬ ಗೊಂದಲವಾಗುತ್ತದೆ. ಪತ್ರಿಕೆಗೆ ನಾನು ಸೂಚಿಸುವುದು ಎರಡು ಹಾದಿ. ಅವನ ಮಾತನ್ನೇ ಕೊಡುವುದಾದರೆ ಉದ್ಧರಣ ಚಿಹ್ನೆ ಹಾಕಿ ‘ನಾನು ರಾಜೀನಾಮೆ ಕೊಡುತ್ತೇನೆ’ ಎಂದೇ ಇಡಿ. ಇಲ್ಲವಾದರೆ ‘ತಾನು ರಾಜೀನಾಮೆ ಕೊಡುವುದಾಗಿ ಹೇಳಿದನು’ ಎನ್ನಿ. ‘ಕೊಡುವುದಾಗಿ’ ಎಂಬುದಕ್ಕೆ ಪುರುಷದ ತುದಿಯೇ ಇಲ್ಲ, ಜಗಳವೂ ಇಲ್ಲ.

ಒಂದು ಇಡೀ ವರದಿಯನ್ನು ನೀವು ಹೇಗೆ ತಿದ್ದುತ್ತೀರಿ ಎಂದು ತೋರಿಸಬಹುದೆ?

ಹಳ್ಳಿಯ ಶಾಲೆಯೊಂದರಿಂದ ಬಂದಿದ್ದ ಈ ಐದು ಸಾಲುಗಳನ್ನು ತೆಗೆದುಕೊಳ್ಳಿ:

‘ಸೋಮವಾರ ನಮ್ಮ ಶಾಲೆಯಲ್ಲಿ ಪಾಲಕರ ಸಭೆ ನಡೆದವು. ಗ್ರಾಮ ಪಂಚಾಯಿತಿ ಅಧ್ಯಕ್ಷರು ಸದಸ್ಯರೊಂದಿಗೆ ಬಂದಿದ್ದಳು. ಹೆಚ್ಚು ಅಂಕ ಪಡೆದ ಐವರು ವಿದ್ಯಾರ್ಥಿಗಳು ಸನ್ಮಾನಿಸಲಾಯಿತು. ಮೈದಾನದ ಸುತ್ತ ನೆಟ್ಟ ಬೇವಿನ ಸಸಿಗಳ ಸಾಲು ಒಣಗಿವೆ. ಶಾಲೆಗೆ ಇಬ್ಬರು ಶಿಕ್ಷಕರು ಬೇಕಾಗಿದ್ದಾರೆ.’

ನಾನು ವಾಕ್ಯವನ್ನು ಹಿಂದಿನಿಂದ ಓದುತ್ತೇನೆ, ಮೊದಲು ಕ್ರಿಯಾಪದ, ಆಮೇಲೆ ಪ್ರಶ್ನೆ. ನಡೆದದ್ದು ಯಾವುದು? ಸಭೆ. ಪಾಲಕರು ಹಲವರು, ಸಭೆ ಒಂದು: ‘ನಡೆಯಿತು’. ಬಂದದ್ದು ಯಾರು? ಅಧ್ಯಕ್ಷರು. ಅವರು ಮಹಿಳೆಯಾದ್ದರಿಂದ ಬರೆದವರಿಗೆ ‘ಅಳು’ ನೆನಪಾಗಿದೆ, ಆದರೆ ಹೆಸರಿಗೆ ‘ಅರು’ ಕೊಟ್ಟಾಗಿದೆ: ‘ಬಂದಿದ್ದರು’. ಈ ‘ಅರು’ ಬಂದದ್ದು ಅಧ್ಯಕ್ಷರ ಗೌರವದಿಂದ, ಜೊತೆಗಿದ್ದ ಸದಸ್ಯರಿಂದಲ್ಲ. ಮೂರನೆಯದರಲ್ಲಿ ‘ಲಾಯಿತು’ ಸರಿಯಾಗಿಯೇ ಇದೆ, ಕೆಟ್ಟಿರುವುದು ವಿದ್ಯಾರ್ಥಿಗಳು. ಅಲ್ಲಿ ‘ಅನ್ನು’ ಹಚ್ಚಿದೆ: ‘ಐವರು ವಿದ್ಯಾರ್ಥಿಗಳನ್ನು ಸನ್ಮಾನಿಸಲಾಯಿತು’. ನಾಲ್ಕನೆಯದರಲ್ಲಿ ವ್ಯಾಕರಣದ ಲೆಕ್ಕಕ್ಕೆ ಒಣಗಿದ್ದು ಸಾಲು, ಹಾಗಾಗಿ ‘ಒಣಗಿದೆ’. ಸಸಿಗಳು ‘ಗಳ’ ಎಂದು ಸಂಬಂಧ ಹೇಳಿ ಪಕ್ಕಕ್ಕೆ ಸರಿದಿವೆ, ಆದರೂ ಕ್ರಿಯಾಪದಕ್ಕೆ ಹತ್ತಿರ ಕುಳಿತು ಬರೆಯುವವರ ಕೈ ಎಳೆದಿವೆ. ನಾನು ‘ಸಾಲು’ ತೆಗೆದು ‘ಬೇವಿನ ಸಸಿಗಳು ಒಣಗಿವೆ’ ಎಂದು ಮಾಡಿದೆ, ಹೇಳಬೇಕಾಗಿದ್ದದ್ದು ಅದನ್ನೇ.

ಐದನೆಯ ವಾಕ್ಯವನ್ನು ಮುಖ್ಯೋಪಾಧ್ಯಾಯರೇ ಪೆನ್ಸಿಲಿನಿಂದ ‘ಬೇಕಾಗಿದೆ’ ಎಂದು ತಿದ್ದಿ ಕಳಿಸಿದ್ದರು, ‘ಬೇಕು ಬದಲಾಗುವುದಿಲ್ಲ ಎಂದು ನೀವೇ ಹೇಳಿದ್ದಿರಿ’ ಎಂಬ ಟಿಪ್ಪಣಿಯೊಂದಿಗೆ. ‘ಬೇಕು’ ಬದಲಾಗುವುದಿಲ್ಲ, ನಿಜ. ‘ಇಬ್ಬರು ಶಿಕ್ಷಕರು ಬೇಕು’ ಎಂದು ನಿಲ್ಲಿಸಿದರೆ ಮುಗಿಯಿತು. ಆದರೆ ಅದಕ್ಕೆ ‘ಆಗಿ’ ಸೇರಿಸಿ ‘ಇರು’ ತಂದ ಮೇಲೆ ಆ ‘ಇರು’ ಶಿಕ್ಷಕರನ್ನು ನೋಡದೆ ಇರುವುದಿಲ್ಲ. ಪೆನ್ಸಿಲಿನ ಗುರುತನ್ನು ರಬ್ಬರಿನಿಂದ ಅಳಿಸಿ ‘ಬೇಕಾಗಿದ್ದಾರೆ’ ಎಂಬುದನ್ನು ಹಾಗೆಯೇ ಅಚ್ಚಿಗೆ ಬಿಟ್ಟೆ.